ನಾಲ್ಕು ಮಚ್ಚೆ, ಮೂರು ನರ: ಒಂದು ಕುಷ್ಠರೋಗ ಪ್ರಕರಣ

"ಡಾಕ್ಟ್ರೇ, ಕತ್ತರಿ ಕೈಯಲ್ಲಿ ನಿಲ್ತಾ ಇಲ್ಲ." ನಮ್ಮ ಚರ್ಮ ವಿಭಾಗಕ್ಕೆ ಬಂದ ದಿನ ಅವರು ಹೇಳಿದ ಮೊದಲ ಮಾತು ಇದು. ಮಚ್ಚೆಗಳು ಕೆಂಪಾಗಿ ಉಬ್ಬಿದ್ದವು, ಮುಖದಲ್ಲಿ ಆತಂಕ ಇತ್ತು. ಆದರೂ ಅವರು ಮೊದಲು ಹೇಳಿದ್ದು ಚರ್ಮದ ಬಗ್ಗೆ ಅಲ್ಲ, ಕೈ ಬಗ್ಗೆ. ಆ ಮಾತನ್ನು ಸರಿಯಾಗಿ ಕೇಳಿಸಿಕೊಂಡಿದ್ದರಿಂದಲೇ ಮುಂದಿನ ಹಲವು ನಿರ್ಧಾರಗಳು ಸರಿಯಾದವು. ಒಂದು ಕಡೆ ನಾವು ತಪ್ಪಿದೆವು. ಅದನ್ನೂ ಬರೆಯುತ್ತೇನೆ.

ಗುರುತು ಸಿಗುವ ವಿವರಗಳನ್ನೆಲ್ಲ ತೆಗೆದಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.

ಹಿನ್ನೆಲೆ

ಅವರಿಗೆ ಮೂವತ್ತೆಂಟು ವರ್ಷ, ಬಟ್ಟೆ ಹೊಲಿಯುವುದು ಕೆಲಸ. ಗಂಡ, ಹನ್ನೊಂದು ವರ್ಷದ ಮಗಳು, ಇಷ್ಟೇ ಸಂಸಾರ. ಸುಮಾರು ಒಂದು ವರ್ಷದ ಹಿಂದೆ ಬಲ ಮುಂಗೈ ಮೇಲೆ, ಮೊಣಕೈಗೆ ಹತ್ತಿರ, ಒಂದು ತಿಳಿ ಬಣ್ಣದ ಮಚ್ಚೆ ಕಾಣಿಸಿಕೊಂಡಿತು. ಆಮೇಲೆ ಎಡ ತೊಡೆಯಲ್ಲಿ ಒಂದು, ಬೆನ್ನಿನ ಮೇಲೆ ಒಂದು. ತುರಿಕೆ ಇಲ್ಲ, ನೋವೂ ಇಲ್ಲ. ಹುಳಕಡ್ಡಿ ಇರಬೇಕೆಂದು ನಾಲ್ಕು ತಿಂಗಳು ಮುಲಾಮು ಹಚ್ಚಿದರು. ಹುಳಕಡ್ಡಿ ಆಗಿದ್ದರೆ ಸಾಮಾನ್ಯವಾಗಿ ತುರಿಕೆ ಇರುತ್ತದೆ, ಅಲ್ವಾ? ತುರಿಸದ, ಬೆವರದ, ಕೂದಲು ಉದುರಿದ ಮಚ್ಚೆ ಕಂಡರೆ ಅಲ್ಲೇ ಸ್ಪರ್ಶ ಪರೀಕ್ಷೆ ಮಾಡಬೇಕು.

ಕೊನೆಗೆ ಒಂದು ಆರೋಗ್ಯ ಕೇಂದ್ರದಲ್ಲಿ ಆ ಪರೀಕ್ಷೆ ನಡೆಯಿತು. ಕಣ್ಣು ಮುಚ್ಚಿಸಿ ಹತ್ತಿಯ ಎಳೆಯಿಂದ ಮುಟ್ಟಿದಾಗ ಮಚ್ಚೆಯ ಮೇಲೆ ಅವರಿಗೆ ಏನೂ ತಿಳಿಯಲಿಲ್ಲ. ಕುಷ್ಠರೋಗ ಎಂದು ಸರಿಯಾಗಿಯೇ ಗುರುತಿಸಿದರು. ಮಚ್ಚೆ ಎಣಿಸಿದರು, ಮೂರು. ಐದರವರೆಗೆ ಇದ್ದರೆ ಪಾಸಿಬ್ಯಾಸಿಲರಿ, ಅಂದರೆ ರೋಗಾಣು ಕಡಿಮೆ ಇರುವ ಗುಂಪು. ಅದನ್ನು ಪಿಬಿ ಎನ್ನುತ್ತೇವೆ. ಆಗ ಅಲ್ಲಿ ಹಳೆಯ ಎರಡು ಔಷಧಿಯ ಪಿಬಿ ಪ್ಯಾಕ್ ಇನ್ನೂ ಬಳಕೆಯಲ್ಲಿತ್ತು: ತಿಂಗಳಿಗೊಮ್ಮೆ ಸಿಬ್ಬಂದಿಯ ಎದುರಿಗೆ ನುಂಗುವ ರಿಫಾಂಪಿಸಿನ್, ದಿನವೂ ಮನೆಯಲ್ಲಿ ನುಂಗುವ ಡ್ಯಾಪ್ಸೋನ್. ಆರು ತಿಂಗಳ ಚಿಕಿತ್ಸೆ. ಕಾರ್ಡಿನಲ್ಲಿ ಮಚ್ಚೆಗಳ ಚಿತ್ರ ಚೆನ್ನಾಗಿ ಬರೆದಿದ್ದರು. ನರಗಳ ಕಾಲಂ ಮಾತ್ರ ಖಾಲಿ ಇತ್ತು.

ತೊಂದರೆ ಶುರುವಾದದ್ದು

ಮೂರನೇ ಪ್ಯಾಕ್ ಮುಗಿಯುವ ಹೊತ್ತಿಗೆ ಮಚ್ಚೆಗಳು ಒಮ್ಮೆಲೇ ಕೆಂಪಾಗಿ, ಬಿಸಿಯಾಗಿ, ದಪ್ಪಗಾದವು. ಔಷಧಿ ಒಗ್ಗಲಿಲ್ಲ ಎಂದುಕೊಂಡು ಅವರೇ ಮಾತ್ರೆ ನಿಲ್ಲಿಸಿದರು. ಯಾರೋ ಅಲರ್ಜಿ ಮಾತ್ರೆ ಕೊಟ್ಟರು. ಅಷ್ಟರಲ್ಲಿ ಬಲ ಮೊಣಕೈ ಒಳಬದಿಯಲ್ಲಿ ನೋವು ಶುರುವಾಗಿತ್ತು, ರಾತ್ರಿ ಜಾಸ್ತಿ. ಕಿರುಬೆರಳು ಮತ್ತು ಉಂಗುರ ಬೆರಳಲ್ಲಿ ಜೋಮು. ಮೂರು ವಾರ ಹೀಗೇ ಕಳೆದ ಮೇಲೆ ಕತ್ತರಿ ಜಾರತೊಡಗಿತು. ಆಗ ನಮ್ಮ ಹತ್ತಿರ ಬಂದರು. ಮಾತ್ರೆ ನಿಲ್ಲಿಸಿ ಹನ್ನೊಂದು ದಿನ ಆಗಿತ್ತು.

ಬಟ್ಟೆ ಸರಿಸಿ ಪೂರ್ತಿ ಮೈ ನೋಡಿದೆವು. ಸೊಂಟದ ಕೆಳಗೆ, ಪೃಷ್ಠದ ಮೇಲೆ, ಯಾರೂ ನೋಡದ ನಾಲ್ಕನೇ ಮಚ್ಚೆ ಸಿಕ್ಕಿತು. ಮುಂಗೈನ ದೊಡ್ಡ ಮಚ್ಚೆಯ ಅಂಚಿನ ಆಚೆ ಎರಡು ಪುಟ್ಟ ಮರಿಮಚ್ಚೆಗಳಿದ್ದವು. ಇದು ದೊಡ್ಡ ಸುಳಿವು, ಆ ಮಾತಿಗೆ ಮುಂದೆ ಬರುತ್ತೇನೆ. ಈ ಮರಿಗಳನ್ನು ತಾಯಿ ಮಚ್ಚೆಯ ಭಾಗ ಎಂದುಕೊಂಡರೆ ಲೆಕ್ಕ ಇನ್ನೂ ಐದರ ಒಳಗೇ ಇತ್ತು. ಎಣಿಕೆಯೊಂದನ್ನೇ ನಂಬಿದ್ದರೆ ನಾವೂ ಪಿಬಿ ಎಂದೇ ಬರೆಯುತ್ತಿದ್ದೆವು.

ಆಮೇಲೆ ನರಗಳನ್ನು ಮುಟ್ಟಿ ನೋಡಿದೆವು. ಇದನ್ನು ಹೇಗೆ ಮಾಡುವುದು ಎಂದು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಓದಿ ಗೊತ್ತಿದ್ದರೂ ಕೈಗೆ ರೂಢಿ ಇಲ್ಲದವರು ಜಾಸ್ತಿ. ಅಲ್ನಾರ್ ನರಕ್ಕೆ ರೋಗಿಯ ಮೊಣಕೈಯನ್ನು ಸ್ವಲ್ಪ ಮಡಚಿಸಿ, ನಿಮ್ಮ ಕೈಯಲ್ಲಿ ಅದರ ಭಾರ ಹೊರಿ. ಮೊಣಕೈ ಒಳಬದಿಯ ಮೂಳೆಯ ಗುಬ್ಬಿಯ ಹಿಂದಿನ ತಗ್ಗಿನಲ್ಲಿ ಬೆರಳ ತುದಿ ಇಡಿ, ಅಲ್ಲಿಂದ ಮೇಲಕ್ಕೆ ನರದ ಜಾಡು ಹಿಡಿದು ಹೋಗಿ. ಬೆರಳಡಿ ಹಗ್ಗ ಉರುಳಿದ ಹಾಗೆ ಸಿಗುತ್ತದೆ. ಅದು ದಪ್ಪವೇ ಅಲ್ಲವೇ ಎಂದು ಒಂದೇ ಕೈ ನೋಡಿ ಹೇಳಬಾರದು, ಇನ್ನೊಂದು ಕೈ ಮುಟ್ಟಿ ಹೋಲಿಸಬೇಕು. ಮುಟ್ಟುವಾಗ ಕಣ್ಣು ರೋಗಿಯ ಮುಖದ ಮೇಲೆ ಇರಬೇಕು. ನೋವಿದ್ದರೆ ಮಾತಿಗಿಂತ ಮೊದಲು ಮುಖ ಹೇಳುತ್ತದೆ. ಕಾಲಿಗೆ ಬಂದರೆ, ಮೊಣಕಾಲು ಮಡಚಿ ಕೂರಿಸಿ, ಮೊಣಕಾಲಿನ ಹೊರಬದಿಯ ಕೆಳಗಿರುವ ಮೂಳೆಯ ತಲೆಯ ಹಿಂದೆ, ಅದರ ಕತ್ತಿನ ಸುತ್ತ ಬೆರಳಾಡಿಸಬೇಕು. ಅಲ್ಲಿ ಸಿಗುವುದು ಕಾಮನ್ ಪೆರೋನಿಯಲ್ ನರ. ಹಳಬರು ಲ್ಯಾಟರಲ್ ಪಾಪ್ಲಿಟಿಯಲ್ ಎನ್ನುತ್ತಾರೆ.

ಇವರ ಬಲ ಅಲ್ನಾರ್ ನರ ದಪ್ಪಗಿತ್ತು, ಮುಟ್ಟಿದರೆ ಕೈ ಎಳೆದುಕೊಳ್ಳುವಷ್ಟು ನೋವಿತ್ತು. ಬಲ ಮಣಿಕಟ್ಟಿನ ಹತ್ತಿರ ಚರ್ಮದಡಿ ಓಡುವ ರೇಡಿಯಲ್ ನರದ ಕವಲು ದಪ್ಪಗಿತ್ತು, ನೋವಿಲ್ಲ. ಎಡಗಾಲಿನ ಪೆರೋನಿಯಲ್ ನರವೂ ದಪ್ಪ, ನೋವಿಲ್ಲ. ಒಟ್ಟು ಮೂರು ನರ.

ಈಗ ಕೆಲಸದ ಪರೀಕ್ಷೆ. ಕಿರುಬೆರಳನ್ನು ಹೊರಕ್ಕೆ ಚಾಚಿ ಹಿಡಿಯಿರಿ ಎಂದೆವು. ಚಾಚಿದರು, ಆದರೆ ನಾವು ಬೆರಳಿನಿಂದ ಸ್ವಲ್ಪ ಒತ್ತಿದ ಕೂಡಲೇ ಸೋತುಹೋಯಿತು. ಐದರ ಅಳತೆಯಲ್ಲಿ ಮೂರು. ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಕಾಗದ ಹಿಡಿಸಿ ಎಳೆದಾಗ, ಹೆಬ್ಬೆರಳ ತುದಿಯ ಗೆಣ್ಣು ಮಡಚಿಕೊಂಡಿತು. ಕತ್ತರಿ ಯಾಕೆ ಜಾರುತ್ತಿತ್ತು ಎನ್ನುವುದಕ್ಕೆ ಉತ್ತರ ಅಲ್ಲೇ ಇತ್ತು. ಕಿರುಬೆರಳ ತುದಿಗೆ 2 ಗ್ರಾಂ ಒತ್ತಡದ ನೈಲಾನ್ ಎಳೆ ತಾಗಿಸಿದರೆ ಗೊತ್ತಾಗಲಿಲ್ಲ. ಹೆಬ್ಬೆರಳು ಮೇಲೆತ್ತುವುದು, ಮಣಿಕಟ್ಟು ಎತ್ತುವುದು, ಎರಡೂ ಪಾದ ಎತ್ತುವುದು, ಕಣ್ಣು ಮುಚ್ಚುವುದು, ಎಲ್ಲ ಬಲವಾಗಿತ್ತು. ಅಂಗಾಲಿಗೆ 10 ಗ್ರಾಂ ಎಳೆ ಚೆನ್ನಾಗಿ ತಿಳಿಯುತ್ತಿತ್ತು.

ಮೊದಲ ನಿರ್ಧಾರ: ಇದು ಏನು?

ಮೂರು ಸಾಧ್ಯತೆ ಎದುರಿಗಿದ್ದವು. ಔಷಧಿಯ ಅಲರ್ಜಿ, ರೋಗ ಮರುಕಳಿಸಿದ್ದು, ಅಥವಾ ರಿಯಾಕ್ಷನ್, ಅಂದರೆ ರೋಗಾಣುವಿನ ಮೇಲೆ ದೇಹದ ನಿರೋಧಕ ಶಕ್ತಿ ಒಮ್ಮೆಲೇ ಕೆರಳುವುದು.

ಡ್ಯಾಪ್ಸೋನ್ ಅಲರ್ಜಿಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಅದು ಜೀವಕ್ಕೇ ಎರವಾಗಬಹುದು. ಆದರೆ ಅದು ಸಾಮಾನ್ಯವಾಗಿ ಮೊದಲ ಎರಡು ತಿಂಗಳೊಳಗೆ ಬರುತ್ತದೆ. ಜ್ವರ ಇರುತ್ತದೆ, ಮೈತುಂಬ ದದ್ದು ಏಳುತ್ತದೆ, ಗ್ರಂಥಿಗಳು ಊದುತ್ತವೆ, ಲಿವರ್‌ಗೆ ಪೆಟ್ಟಾಗಿ ಕಣ್ಣು ಹಳದಿಯಾಗಬಹುದು. ಇವರಿಗೆ ಜ್ವರ ಇರಲಿಲ್ಲ, ಲಿವರ್ ಪರೀಕ್ಷೆ ಸರಿಯಿತ್ತು. ಕೆಂಪಾಗಿದ್ದು ಮಚ್ಚೆಗಳು ಮಾತ್ರ, ನಡುವಿನ ಚರ್ಮ ತಣ್ಣಗಿತ್ತು. ಔಷಧಿಗೆ ಮಚ್ಚೆ ಯಾವುದು, ಒಳ್ಳೆಯ ಚರ್ಮ ಯಾವುದು ಎಂಬ ಭೇದ ಇರುವುದಿಲ್ಲ. ಮಚ್ಚೆಯನ್ನೇ ಹುಡುಕಿ ಕೆಂಪಾಗಿಸುವುದು ದೇಹದ ರೋಗನಿರೋಧಕ ಶಕ್ತಿ.

ಮರುಕಳಿಕೆ ಎನ್ನುವುದು ಚಿಕಿತ್ಸೆ ಮುಗಿದು ಬಹುಕಾಲ ಆದ ಮೇಲೆ, ನಿಧಾನವಾಗಿ, ಹೊಸ ಮಚ್ಚೆಗಳೊಂದಿಗೆ ಬರುವ ಮಾತು. ಚಿಕಿತ್ಸೆಯ ಮಧ್ಯೆ ಕೆಲವೇ ದಿನಗಳಲ್ಲಿ ಹಳೆಯ ಮಚ್ಚೆಗಳು ಉರಿದೇಳುವುದು ಅದಲ್ಲ.

ಹಾಗಾಗಿ ಇದು ಟೈಪ್ 1 ರಿಯಾಕ್ಷನ್, ಜೊತೆಗೆ ಅಲ್ನಾರ್ ನರದ ಉರಿಯೂತ. ಕುಷ್ಠರೋಗದ ಬ್ಯಾಕ್ಟೀರಿಯಾಕ್ಕೆ ದೇಹದ ತಂಪು ಜಾಗಗಳೇ ಇಷ್ಟ. ಅದಕ್ಕೇ ಚರ್ಮದಲ್ಲಿ, ಮತ್ತು ಚರ್ಮಕ್ಕೆ ಹತ್ತಿರ ಓಡುವ ನರಗಳಲ್ಲಿ ನೆಲೆಸುತ್ತದೆ. ಮೊಣಕೈ ಹಿಂದೆ ಅಲ್ನಾರ್ ನರ ಅಂಥ ಜಾಗದಲ್ಲಿದೆ. ಔಷಧಿಯಿಂದ ಬ್ಯಾಕ್ಟೀರಿಯಾ ಸತ್ತರೂ ಅದರ ಚೂರುಗಳು ನರದಲ್ಲಿ ಉಳಿಯುತ್ತವೆ. ದೇಹ ಆ ಚೂರುಗಳ ಮೇಲೆ ಯುದ್ಧಕ್ಕೆ ಬಿದ್ದಾಗ ನರ ಊದುತ್ತದೆ. ಅಲ್ಲಿರುವುದು ಮೂಳೆ ಮತ್ತು ಪೊರೆಯ ನಡುವಿನ ಇಕ್ಕಟ್ಟಿನ ಓಣಿ, ಊದಿದ ನರಕ್ಕೆ ಜಾಗವಿಲ್ಲ. ನರ ಹಿಸುಕಿಹೋಗುತ್ತದೆ. ಬ್ಯಾಕ್ಟೀರಿಯಾ ಕೊಲ್ಲುವ ಔಷಧಿ ಈ ಊತವನ್ನು ಇಳಿಸುವುದಿಲ್ಲ. ಅದಕ್ಕೆ ಬೇರೆಯೇ ಚಿಕಿತ್ಸೆ ಬೇಕು. ಈ ಎರಡನ್ನು ಒಂದೇ ಎಂದುಕೊಳ್ಳುವುದರಿಂದಲೇ ಎಷ್ಟೋ ಕೈಗಳು ಹಾಳಾಗುತ್ತವೆ.

ಎರಡನೇ ನಿರ್ಧಾರ: ಯಾವ ಗುಂಪು?

ಕಿವಿಯ ಹಾಲೆಗಳಿಂದ ಮತ್ತು ಮಚ್ಚೆಯ ಅಂಚಿನಿಂದ ಚರ್ಮದ ಸ್ಮಿಯರ್ ತೆಗೆದೆವು. ಎಲ್ಲೂ ಬ್ಯಾಕ್ಟೀರಿಯಾ ಕಾಣಲಿಲ್ಲ. ನಮ್ಮ ತಂಡದ ಕಿರಿಯ ವೈದ್ಯರು ಕೇಳಿದರು: "ಸರ್, ಮಚ್ಚೆ ಐದರ ಒಳಗೆ, ಸ್ಮಿಯರ್ ನೆಗೆಟಿವ್. ಹಾಗಾದರೆ ಪಿಬಿ ಅಂತ ಬರೆದದ್ದು ಸರಿ ಅಲ್ವಾ?"

ಒಳ್ಳೆಯ ಪ್ರಶ್ನೆ. ಸ್ಮಿಯರ್ ಪಾಸಿಟಿವ್ ಬಂದರೆ ಮಚ್ಚೆ ಒಂದೇ ಇದ್ದರೂ ಅದು ಮಲ್ಟಿಬ್ಯಾಸಿಲರಿ, ಅಂದರೆ ಎಂಬಿ. ಆದರೆ ಇದನ್ನು ತಿರುಗಿಸಿ, ನೆಗೆಟಿವ್ ಬಂದರೆ ಪಿಬಿ ಎನ್ನಲು ಆಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2018ರ ಮಾರ್ಗಸೂಚಿ ಪ್ರಕಾರ ನರಕ್ಕೆ ತೊಂದರೆ ಇದ್ದರೆ ಮಚ್ಚೆ ಎಷ್ಟೇ ಇರಲಿ ಎಂಬಿ. ಕೆಲವು ಕಾರ್ಯಕ್ರಮಗಳಲ್ಲಿ ಒಂದು ನರದವರೆಗೆ ಪಿಬಿ, ಒಂದಕ್ಕಿಂತ ಹೆಚ್ಚಾದರೆ ಎಂಬಿ ಎಂಬ ನಿಯಮ ಇತ್ತು. ಇವರಿಗೆ ಮೂರು ನರ. ಯಾವ ನಿಯಮ ಹಿಡಿದರೂ ಎಂಬಿ. ನರ ಮುಟ್ಟಿ ನೋಡದಿದ್ದರೆ ಮಾತ್ರ ಪಿಬಿ.

ಬಯಾಪ್ಸಿ ವರದಿಯಲ್ಲಿ ಬಾರ್ಡರ್‌ಲೈನ್ ಟ್ಯೂಬರ್ಕುಲಾಯ್ಡ್ ಎಂದು ಬಂತು. ಇಲ್ಲಿ ವಿದ್ಯಾರ್ಥಿಗಳು ಗೊಂದಲಕ್ಕೆ ಬೀಳುತ್ತಾರೆ. ಟ್ಯೂಬರ್ಕುಲಾಯ್ಡ್ ಕಡೆಯದು ಅಂದರೆ ಪಿಬಿ, ಲೆಪ್ರೊಮಾಟಸ್ ಕಡೆಯದು ಅಂದರೆ ಎಂಬಿ ಎಂದು ಬಾಯಿಪಾಠ ಮಾಡಿರುತ್ತಾರೆ. ಪರೀಕ್ಷೆಯ ಆಯ್ಕೆಗಳಲ್ಲಿ ಅದು ಕೆಲಸಕ್ಕೆ ಬರಬಹುದು, ರೋಗಿಯ ಎದುರು ಬರುವುದಿಲ್ಲ. ಎರಡು ವರ್ಗೀಕರಣಗಳು ಎರಡು ಬೇರೆ ಪ್ರಶ್ನೆಗೆ ಉತ್ತರ ಕೊಡುತ್ತವೆ. 1966ರ ರಿಡ್ಲಿ-ಜಾಪ್ಲಿಂಗ್ ವರ್ಗೀಕರಣ ಕೇಳುವುದು ದೇಹದ ನಿರೋಧಕ ಶಕ್ತಿ ಎಲ್ಲಿ ನಿಂತಿದೆ ಎಂದು. ಒಂದು ತುದಿಯಲ್ಲಿ ಬಲವಾದ ನಿರೋಧ, ಕೆಲವೇ ಮಚ್ಚೆ. ಇನ್ನೊಂದು ತುದಿಯಲ್ಲಿ ನಿರೋಧವೇ ಇಲ್ಲ, ಮೈತುಂಬ ಬ್ಯಾಕ್ಟೀರಿಯಾ. ಈ ಎರಡು ತುದಿಗಳು ಸ್ಥಿರ, ನಡುವೆ ಇರುವವರು ಅತ್ತ ಇತ್ತ ಜಾರುತ್ತಾರೆ. ಈ ಜಾರಾಟವೇ ಟೈಪ್ 1 ರಿಯಾಕ್ಷನ್. ಪಿಬಿ-ಎಂಬಿ ವರ್ಗೀಕರಣ ಕೇಳುವುದು ಇಷ್ಟೇ: ಎಷ್ಟು ತಿಂಗಳು ಔಷಧಿ ಕೊಡಬೇಕು? ಹಾಗಾಗಿ ಬಾರ್ಡರ್‌ಲೈನ್ ಟ್ಯೂಬರ್ಕುಲಾಯ್ಡ್ ಇರುವವರು ಮಚ್ಚೆ ಮತ್ತು ನರ ನೋಡಿಕೊಂಡು ಪಿಬಿಯೂ ಆಗಬಹುದು, ಎಂಬಿಯೂ ಆಗಬಹುದು.

ಈಗ ಆ ಮರಿಮಚ್ಚೆಗಳ ಮಾತು. ದೊಡ್ಡ ಮಚ್ಚೆಯ ಅಂಚು ದಾಟಿ ಮರಿಗಳು ಹುಟ್ಟಿವೆ ಅಂದರೆ, ದೇಹ ರೋಗಕ್ಕೆ ಬೇಲಿ ಹಾಕಲು ಪೂರ್ತಿ ಗೆದ್ದಿಲ್ಲ ಎಂದರ್ಥ. ಇದು ಬಾರ್ಡರ್‌ಲೈನ್ ಟ್ಯೂಬರ್ಕುಲಾಯ್ಡ್‌ನ ಗುರುತು. ಬಯಾಪ್ಸಿ ಸೌಲಭ್ಯ ಇಲ್ಲದ ಕಡೆಯೂ ಇದನ್ನು ಕಣ್ಣಿನಿಂದಲೇ ನೋಡಬಹುದು. ಮರಿಮಚ್ಚೆ ಕಂಡರೆ ನರಗಳ ಮೇಲೆ ಎರಡು ಪಟ್ಟು ನಿಗಾ ಇಡಬೇಕು.

ಎಂಬಿ ಎಂದು ಬದಲಿಸಿ, ಮೂರು ಔಷಧಿಯ ಪ್ಯಾಕ್ ಶುರು ಮಾಡಿದೆವು. ತಿಂಗಳಿಗೊಮ್ಮೆ ನಮ್ಮ ಎದುರು ರಿಫಾಂಪಿಸಿನ್ 600 ಮಿಗ್ರಾಂ ಮತ್ತು ಕ್ಲೊಫಾಜಿಮಿನ್ 300 ಮಿಗ್ರಾಂ. ದಿನವೂ ಮನೆಯಲ್ಲಿ ಡ್ಯಾಪ್ಸೋನ್ 100 ಮಿಗ್ರಾಂ, ಕ್ಲೊಫಾಜಿಮಿನ್ 50 ಮಿಗ್ರಾಂ. ಒಂದು ಪ್ಯಾಕ್ 28 ದಿನಕ್ಕೆ. ಇಂಥ 12 ಪ್ಯಾಕ್, ಹದಿನೆಂಟು ತಿಂಗಳೊಳಗೆ ಮುಗಿಸಬೇಕು. ಮೊದಲಿನ ಮೂರು ಪಿಬಿ ಪ್ಯಾಕ್‌ಗಳನ್ನು ಲೆಕ್ಕಕ್ಕೆ ಹಿಡಿಯಲಿಲ್ಲ, ಅವುಗಳಲ್ಲಿ ಕ್ಲೊಫಾಜಿಮಿನ್ ಇರಲಿಲ್ಲ. 2018ರ ಮಾರ್ಗಸೂಚಿ ಪಿಬಿಗೂ ಇದೇ ಮೂರು ಔಷಧಿ ಹೇಳುತ್ತದೆ, ಅವಧಿ ಮಾತ್ರ ಆರು ತಿಂಗಳು. ಆ ಪದ್ಧತಿ ಇರುವ ಕಡೆ ತಪ್ಪಾಗಿ ಪಿಬಿ ಎಂದು ಬರೆದರೆ ಔಷಧಿ ತಪ್ಪುವುದಿಲ್ಲ, ಆರು ತಿಂಗಳು ಮೊದಲೇ ನಿಂತುಬಿಡುತ್ತದೆ.

ನಿಲ್ಲಿಸಿದ್ದ ಮಾತ್ರೆಯನ್ನು ಅವತ್ತೇ ಶುರು ಮಾಡಿಸಿದ್ದು ಮುಖ್ಯ. ರಿಯಾಕ್ಷನ್ ಬಂದಾಗ ಔಷಧಿ ನಿಲ್ಲಿಸಬಾರದು. ಇದನ್ನು ಅವರಿಗೆ ಮೊದಲೇ ಹೇಳಿದ್ದರೆ ಹನ್ನೊಂದು ದಿನ ಹಾಳಾಗುತ್ತಿರಲಿಲ್ಲ. "ಮಚ್ಚೆ ಕೆಂಪಾಗಬಹುದು, ಕೈ ಕಾಲು ಜೋಮು ಬರಬಹುದು, ಬಂದರೆ ಮಾತ್ರೆ ಬಿಡಬೇಡಿ, ಅವತ್ತೇ ಬನ್ನಿ" ಎಂಬ ಒಂದು ಮಾತು ಮೊದಲ ಪ್ಯಾಕ್ ಕೈಗಿಡುವಾಗಲೇ ಹೇಳಬೇಕಾದದ್ದು. ಜೊತೆಗೆ, ಕ್ಲೊಫಾಜಿಮಿನ್‌ನಿಂದ ಮೈಬಣ್ಣ ಕಪ್ಪಾಗುತ್ತದೆ, ಚರ್ಮ ಒಣಗುತ್ತದೆ, ಔಷಧಿ ಮುಗಿದು ತಿಂಗಳುಗಳಾದ ಮೇಲೆ ನಿಧಾನವಾಗಿ ತಿಳಿಯಾಗುತ್ತದೆ ಎಂದೂ ಹೇಳಿದೆವು. ಅವರಿಗೆ ರೋಗಕ್ಕಿಂತ ಈ ಬಣ್ಣದ್ದೇ ಜಾಸ್ತಿ ಸಂಕಟ. ಮುಚ್ಚಿಡದೆ ಹೇಳಿದ್ದರಿಂದಲೇ ನಾಲ್ಕನೇ ತಿಂಗಳಲ್ಲಿ ಬಣ್ಣ ಕಪ್ಪಾದಾಗ ಅವರು ಮಾತ್ರೆ ಬಿಡಲಿಲ್ಲ.

ನರಕ್ಕೆ ಚಿಕಿತ್ಸೆ

ಶಕ್ತಿ ಕುಂದಿ ಆರು ತಿಂಗಳ ಒಳಗಿದ್ದರೆ ಸ್ಟಿರಾಯ್ಡ್‌ನಿಂದ ಮರಳುವ ಸಾಧ್ಯತೆ ಚೆನ್ನಾಗಿರುತ್ತದೆ. ಆಮೇಲೆ ಆ ಆಸೆ ತೀರ ಕಡಿಮೆ. ಇವರಿಗೆ ಮೂರು ವಾರ ಮಾತ್ರ ಆಗಿತ್ತು. ಸಕ್ಕರೆ, ರಕ್ತದೊತ್ತಡ ನೋಡಿದೆವು, ಕ್ಷಯದ ಲಕ್ಷಣ ಇಲ್ಲವೆಂದು ಖಚಿತ ಮಾಡಿಕೊಂಡೆವು, ಜಂತುಹುಳುವಿಗೆ ಔಷಧಿ ಕೊಟ್ಟೆವು. ಪ್ರೆಡ್ನಿಸೊಲೋನ್ ದಿನಕ್ಕೆ 40 ಮಿಗ್ರಾಂ ಬೆಳಿಗ್ಗೆ, ತಿಂಡಿಯ ನಂತರ. ಒಟ್ಟು ಇಪ್ಪತ್ತು ವಾರದಲ್ಲಿ ಹಂತ ಹಂತವಾಗಿ ಇಳಿಸುವ ಯೋಜನೆ. ರಾತ್ರಿ ಮೊಣಕೈ ಪೂರ್ತಿ ಮಡಚದ ಹಾಗೆ ಮೆತ್ತನೆಯ ಪಟ್ಟಿ, ಹಗಲು ಮೇಜಿನ ಮೇಲೆ ಮೊಣಕೈ ಊರಬಾರದು ಎಂಬ ಸೂಚನೆ. ಹೊಲಿಗೆ ಕೆಲಸಕ್ಕೆ ಮೂರು ವಾರ ಬಿಡುವು. ಇದು ಅವರಿಗೆ ಸುಲಭದ ಮಾತಾಗಿರಲಿಲ್ಲ.

ಎರಡು ವಾರದಲ್ಲಿ ನೋವು ಹೋಯಿತು, ಮಚ್ಚೆ ಚಪ್ಪಟೆಯಾದವು. ನಾಲ್ಕನೇ ವಾರಕ್ಕೆ ಕಿರುಬೆರಳ ಬಲ ಮೂರರಿಂದ ನಾಲ್ಕಕ್ಕೆ ಏರಿತು. ಡೋಸ್ 30ಕ್ಕೆ, ನಂತರ 25ಕ್ಕೆ, ಒಂಬತ್ತನೇ ವಾರದಿಂದ 20ಕ್ಕೆ ಇಳಿಸಿದೆವು. ಎಲ್ಲವೂ ಸರಿಹೋಗುತ್ತಿದೆ ಎನ್ನಿಸುತ್ತಿತ್ತು.

ತಿರುವು

ಹತ್ತನೇ ವಾರದ ಭೇಟಿಗೆ ಅವರು ಖುಷಿಯಿಂದ ಬಂದಿದ್ದರು. ನೋವಿಲ್ಲ, ಮತ್ತೆ ಬಟ್ಟೆ ಕತ್ತರಿಸುತ್ತಿದ್ದರು. ಅವತ್ತು ನೂಕುನುಗ್ಗಲು. ನಾನು ಕೈ ನೋಡಿ, "ಚೆನ್ನಾಗಿದೆ, ಇದೇ ಡೋಸ್ ಮುಂದುವರಿಸಿ" ಎಂದು ಬರೆಯಲು ಹೊರಟಿದ್ದೆ. ನಮ್ಮ ಸಮುದಾಯ ವೈದ್ಯಕೀಯ ವಿಭಾಗದ ಆರೋಗ್ಯ ಕಾರ್ಯಕರ್ತೆ ಮಾತ್ರ ಕಾರ್ಡ್ ಬಿಡಲಿಲ್ಲ. ಎರಡು ವಾರಕ್ಕೊಮ್ಮೆ ಎಲ್ಲ ನರಗಳ ಪರೀಕ್ಷೆ, ಎರಡೂ ಕಡೆ, ನೋವಿರಲಿ ಇಲ್ಲದಿರಲಿ. ಇದು ಮೊದಲ ದಿನವೇ ಮಾಡಿಕೊಂಡ ನಿಯಮ. ಎಡಪಾದವನ್ನು ಮೇಲೆತ್ತಿಸಿ ಒತ್ತಿದರು. ಪಾದ ಸೋತಿತು. ಬಲಪಾದ ಒತ್ತಿದರು, ಕಲ್ಲಿನ ಹಾಗೆ ನಿಂತಿತು. ಮತ್ತೆ ಎಡಕ್ಕೆ ಬಂದರು. ಮತ್ತೆ ಸೋತಿತು.

"ಅಮ್ಮಾ, ನಡೀವಾಗ ಏನಾದ್ರೂ ಗೊತ್ತಾಗಿತ್ತಾ?"

"ಇಲ್ಲ ಮೇಡಂ, ಏನೂ ಇಲ್ಲ."

ನೋವಿಲ್ಲ, ಜೋಮಿಲ್ಲ, ಮುಟ್ಟಿದರೆ ಮುಖದಲ್ಲಿ ಬದಲಾವಣೆ ಇಲ್ಲ. ಸದ್ದಿಲ್ಲದೆ ನರ ಸೋಲುತ್ತಿತ್ತು. ಇದನ್ನೇ ಸೈಲೆಂಟ್ ನ್ಯೂರೈಟಿಸ್ ಎನ್ನುತ್ತೇವೆ. ಮೊದಲ ದಿನ ದಪ್ಪಗಿದ್ದೂ ನೋವಿಲ್ಲದ ಅದೇ ಪೆರೋನಿಯಲ್ ನರ. ರೋಗಿ ಬಂದು ಹೇಳಲಿ ಎಂದು ಕಾದಿದ್ದರೆ, ಹೇಳುವ ಹೊತ್ತಿಗೆ ಪಾದ ಜೋತುಬಿದ್ದು, ಹೆಬ್ಬೆರಳು ನೆಲಕ್ಕೆ ತಗುಲಿ ಎಡವುವ ಹಂತ ಬಂದಿರುತ್ತಿತ್ತು.

ಡೋಸ್ ಮತ್ತೆ 40ಕ್ಕೆ ಏರಿಸಿದೆವು. ಈ ಬಾರಿ ಇನ್ನೂ ನಿಧಾನವಾಗಿ ಇಳಿಸಿದೆವು. ಒಟ್ಟು ಸ್ಟಿರಾಯ್ಡ್ ಏಳೂವರೆ ತಿಂಗಳು ನಡೆಯಿತು. ಮುಖ ಊದಿತು, ಎದೆಯುರಿ ಬಂತು, ಸಕ್ಕರೆ ಗಡಿ ಮುಟ್ಟಿ ಮತ್ತೆ ಇಳಿಯಿತು. ಎಡಪಾದ ಆರು ವಾರದಲ್ಲಿ ಪೂರ್ತಿ ಬಲಕ್ಕೆ ಮರಳಿತು.

ನನ್ನ ಪಾಲಿಗೆ ಈ ಪ್ರಕರಣದಲ್ಲಿ ಇದೇ ಅತಿ ಮುಖ್ಯ ಗಳಿಗೆ. ಪಾದ ಒತ್ತಿ ನೋಡಲು ಒಂದು ನಿಮಿಷ ಸಾಕು, ಯಂತ್ರ ಬೇಡ. ಆದರೆ ಹಿಂದಿನ ಭೇಟಿಯ ಅಂಕಿ ಕಾರ್ಡಿನಲ್ಲಿ ಇರಬೇಕು. ಎರಡು ವಾರದ ಹಿಂದೆ ಎಡಪಾದ ಐದು ಎಂದು ಬರೆದಿದ್ದರಿಂದಲೇ ಇವತ್ತಿನ ನಾಲ್ಕು ಹೊಸದು ಎಂದು ಗೊತ್ತಾಯಿತು. ಖಾಲಿ ಕಾಲಂ ಇದ್ದಿದ್ದರೆ, ಇದು ಮೊದಲಿಂದಲೂ ಹೀಗೇ ಇತ್ತೇನೋ ಎಂದು ಸುಮ್ನೆ ಬಿಟ್ಟುಬಿಡುತ್ತಿದ್ದೆವು.

ನಾವು ತಪ್ಪಿದ್ದು

ಆರನೇ ತಿಂಗಳಲ್ಲಿ ಅವರ ಬಲಗೈನ ಕಿರುಬೆರಳ ಬದಿಯಲ್ಲಿ ದೊಡ್ಡ ಬೊಬ್ಬೆ. ಇಸ್ತ್ರಿಪೆಟ್ಟಿಗೆ ತಾಗಿತ್ತು, ಗೊತ್ತೇ ಆಗಿರಲಿಲ್ಲ. ಮಗಳು ನೋಡಿ ಹೇಳಿದ ಮೇಲೆ ತಿಳಿಯಿತು. ಬೆರಳ ಬಲ ಮರಳುತ್ತಿದ್ದ ಸಂತೋಷದಲ್ಲಿ, ಸ್ಪರ್ಶ ಇನ್ನೂ ಮರಳಿಲ್ಲ ಎಂಬುದಕ್ಕೆ ನಾವು ಸಾಕಷ್ಟು ಗಮನ ಕೊಟ್ಟಿರಲಿಲ್ಲ. ಕಾರ್ಡಿನಲ್ಲಿ ಪ್ರತಿ ಸಲ "2 ಗ್ರಾಂ ತಿಳಿಯುವುದಿಲ್ಲ" ಎಂದು ಬರೆದಿದ್ದೆವು. ಬರೆದವರು ಯಾರೂ ಕೂತು, ಹೊಲಿಗೆ ಕೆಲಸದಲ್ಲಿ ಈ ಬೆರಳು ಎಲ್ಲೆಲ್ಲಿ ಬಿಸಿಗೆ, ಸೂಜಿಗೆ ತಾಗುತ್ತದೆ ಎಂದು ಕೇಳಿರಲಿಲ್ಲ. ಸ್ಪರ್ಶ ಕಳೆದ ಕೈ ಅಂಗವೈಕಲ್ಯದ ಅಳತೆಯಲ್ಲಿ ಗ್ರೇಡ್ 1. ಕಣ್ಣಿಗೆ ಕಾಣುವ ಗಾಯವಾದರೆ ಗ್ರೇಡ್ 2. ನಮ್ಮ ಕಣ್ಣೆದುರೇ ಅವರು ಒಂದರಿಂದ ಎರಡಕ್ಕೆ ಹೋದರು.

ಗಾಯ ನಾಲ್ಕು ವಾರದಲ್ಲಿ ಮಾಯಿತು. ಆಮೇಲೆ ಅವರ ಕೆಲಸದ ಸರಣಿಯನ್ನು ಅವರ ಬಾಯಿಂದಲೇ ಕೇಳಿಕೊಂಡೆವು. ಇಸ್ತ್ರಿಪೆಟ್ಟಿಗೆಯ ಹಿಡಿಗೆ ದಪ್ಪ ಬಟ್ಟೆ ಸುತ್ತಿದರು, ಇಸ್ತ್ರಿ ಮಾಡುವಾಗ ಬಲಗೈಗೆ ಕೈಗವಸು ಹಾಕತೊಡಗಿದರು. ಬಿಸಿ ಇದೆಯೇ ಎಂದು ಮೊದಲು ಎಡಗೈಯಿಂದ ನೋಡುವ ರೂಢಿ ಮಾಡಿಕೊಂಡರು. ದಿನವೂ ರಾತ್ರಿ ಕೈ ನೀರಿನಲ್ಲಿ ನೆನೆಸಿ, ಎಣ್ಣೆ ಹಚ್ಚಿ, ಬೆಳಕಿನಲ್ಲಿ ಕೈ ಪೂರ್ತಿ ನೋಡುವುದು. ಈ ಮಾತು ಮೊದಲ ದಿನವೇ ಆಡಬೇಕಿತ್ತು.

ಮನೆಯವರು

ಮನೆಯವರ ತಪಾಸಣೆಗೆ ಮೊದಲು ಅವರ ಒಪ್ಪಿಗೆ ಕೇಳಿದೆವು. ಗಂಡನಿಗೆ ರೋಗದ ಹೆಸರು ಗೊತ್ತಿತ್ತು, ಅಕ್ಕಪಕ್ಕದವರಿಗೆ ತಿಳಿಯುವುದು ಅವರಿಗೆ ಬೇಡವಾಗಿತ್ತು. ಹಾಗಾಗಿ ಮನೆಗೆ ಹೋಗದೆ ಇಬ್ಬರನ್ನೂ ವಿಭಾಗಕ್ಕೇ ಕರೆಸಿದೆವು. ಇಬ್ಬರ ಮೈ ಮೇಲೂ ಮಚ್ಚೆ ಇರಲಿಲ್ಲ, ನರಗಳು ಸರಿಯಿದ್ದವು. ಸಂಪರ್ಕದಲ್ಲಿರುವವರಿಗೆ ರೋಗ ತಡೆಯಲು ಒಂದೇ ಡೋಸ್ ರಿಫಾಂಪಿಸಿನ್ ಕೊಡುವ ಪದ್ಧತಿ ಇದೆ, ಎರಡು ವರ್ಷ ಮೇಲ್ಪಟ್ಟವರಿಗೆ. ಮಗಳಿಗೆ 450 ಮಿಗ್ರಾಂ ಅವತ್ತೇ ಕೊಟ್ಟೆವು. ಗಂಡನಿಗೆ ಮೂರು ವಾರದಿಂದ ಕೆಮ್ಮು. ಅವರಿಗೆ ಕೊಡಲಿಲ್ಲ. ಕ್ಷಯ ಇದ್ದು ನಾವು ಒಂದೇ ಡೋಸ್ ರಿಫಾಂಪಿಸಿನ್ ಕೊಟ್ಟರೆ, ಕ್ಷಯದ ಒಂದು ಮುಖ್ಯ ಔಷಧಿಯನ್ನು ಒಂಟಿಯಾಗಿ ಬಳಸಿದಂತಾಗುತ್ತದೆ. ಕಫ ಪರೀಕ್ಷೆ ಮತ್ತು ಎಕ್ಸ್‌ರೇ ಸರಿ ಬಂದ ಮೇಲೆ 600 ಮಿಗ್ರಾಂ ಕೊಟ್ಟೆವು. ಈ ಡೋಸ್ ಅಪಾಯ ಕಡಿಮೆ ಮಾಡುತ್ತದೆ, ಪೂರ್ತಿ ತೆಗೆಯುವುದಿಲ್ಲ. ಹಾಗಾಗಿ ವರ್ಷಕ್ಕೊಮ್ಮೆ ಇಬ್ಬರನ್ನೂ ನೋಡುತ್ತೇವೆ.

ಮಗಳನ್ನು ಮುಟ್ಟಬಹುದೇ, ಒಟ್ಟಿಗೆ ಮಲಗಬಹುದೇ ಎಂದು ಅವರು ಬಹಳ ಮೆಲ್ಲನೆ ಕೇಳಿದರು. ಮೂರು ತಿಂಗಳಿಂದ ದೂರವೇ ಮಲಗುತ್ತಿದ್ದರಂತೆ. ಔಷಧಿಯ ಮೊದಲ ಡೋಸ್‌ಗಳಲ್ಲೇ ಹರಡುವ ಶಕ್ತಿ ಹೋಗಿಬಿಡುತ್ತದೆ ಎಂದು ಯಾರೂ ಅವರಿಗೆ ಹೇಳಿರಲಿಲ್ಲ.

ಕೊನೆಗೆ ಏನಾಯಿತು

ಹನ್ನೆರಡು ಪ್ಯಾಕ್ ಹದಿಮೂರು ತಿಂಗಳಲ್ಲಿ ಮುಗಿದವು. ಎಡಪಾದ ಪೂರ್ತಿ ಬಲ. ಬಲ ಕಿರುಬೆರಳ ಬಲ ನಾಲ್ಕರಲ್ಲೇ ನಿಂತಿತು, ಐದಕ್ಕೆ ಬರಲಿಲ್ಲ. ಉಂಗುರ ಬೆರಳಿಗೆ ಸ್ಪರ್ಶ ಮರಳಿತು, ಕಿರುಬೆರಳ ತುದಿಗೆ ಮರಳಲಿಲ್ಲ. ಮಚ್ಚೆಗಳ ಗುರುತು ತಿಳಿ ಬಣ್ಣದಲ್ಲಿ ಉಳಿದಿದೆ. ಮಚ್ಚೆ ಮಾಸಿಲ್ಲ ಎಂದು ಔಷಧಿ ಮುಂದುವರಿಸಲಿಲ್ಲ. ಬ್ಯಾಕ್ಟೀರಿಯಾ ಸತ್ತ ಮೇಲೂ ಗುರುತು ಮಾಸಲು ಬಹಳ ಕಾಲ ಬೇಕು.

ಚಿಕಿತ್ಸೆ ಮುಗಿದ ಮೇಲೂ ರಿಯಾಕ್ಷನ್ ಬರಬಹುದು ಎಂದು ಹೇಳಿ ಕಳಿಸಿದ್ದೆವು. ಐದು ತಿಂಗಳ ನಂತರ ಒಂದು ಬೆಳಿಗ್ಗೆ ಅವರು ತಾವಾಗಿಯೇ ಬಂದರು. ತೊಡೆಯ ಮಚ್ಚೆ ಹಿಂದಿನ ರಾತ್ರಿಯಿಂದ ಕೆಂಪಾಗಿತ್ತು. ಈ ಸಲ ಹನ್ನೊಂದು ದಿನ ಕಾಯಲಿಲ್ಲ. ನಾವು ಶುರು ಮಾಡುವ ಮೊದಲೇ ಅವರು ಕುರ್ಚಿಯಲ್ಲಿ ಕೂತು ಎರಡೂ ಪಾದ ಎತ್ತಿ ತೋರಿಸಿದರು, ಬೆರಳುಗಳ ನಡುವೆ ಕಾಗದ ಹಿಡಿದು "ಎಳೀರಿ ಡಾಕ್ಟ್ರೇ" ಎಂದರು. ಎಳೆದೆವು, ಹಿಡಿತ ಬಿಡಲಿಲ್ಲ. ನರಗಳಲ್ಲಿ ನೋವಿರಲಿಲ್ಲ, ಕಾರ್ಡಿನ ಹಿಂದಿನ ಅಂಕಿಗಳೇ ಮತ್ತೆ ಬಂದವು. ಚರ್ಮಕ್ಕೆ ಮಾತ್ರ ಸೀಮಿತವಾದ ರಿಯಾಕ್ಷನ್ ಎಂದು ಬರೆದು, ಸ್ಟಿರಾಯ್ಡ್ ಕೊಡದೆ, ನೋವು ನಿವಾರಕ ಮಾತ್ರೆ ಕೊಟ್ಟು ವಾರಕ್ಕೊಮ್ಮೆ ನರ ಪರೀಕ್ಷೆಗೆ ಬರಹೇಳಿದೆವು. ನಾಲ್ಕು ವಾರಕ್ಕೆ ಕೆಂಪು ಇಳಿಯಿತು. ನಾಲ್ಕೂ ವಾರ ಪಾದ ಐದು, ಕಿರುಬೆರಳು ನಾಲ್ಕು.